ಅಸೈನ್‌ಮೆಂಟಿಗೆ ಎಐ ಬಳಸಬಹುದಾ? ಒಂದು ಕಾಲೇಜಿನ ಕರಡು ನಿಯಮವನ್ನು ಬಿಡಿಸಿ ನೋಡೋಣ

"ಸರ್, ಇದಕ್ಕೆ ಚಾಟ್‌ಜಿಪಿಟಿ ಯೂಸ್ ಮಾಡಬಹುದಾ?" ಡಿಗ್ರಿ ಕಾಲೇಜಿನಲ್ಲಿ ಈ ಪ್ರಶ್ನೆಗೆ ಮೂರು ಥರದ ಉತ್ತರ ಸಿಗುತ್ತದೆ. ಒಬ್ಬ ಮೇಷ್ಟ್ರು ಖಂಡಿತ ಬೇಡ ಅನ್ನುತ್ತಾರೆ. ಪಕ್ಕದ ವಿಭಾಗದವರು ಮಾಡಿ, ಆದರೆ ಹಾಗೇ ಇಳಿಸಬೇಡಿ ಅನ್ನುತ್ತಾರೆ. ಇನ್ನೊಬ್ಬರು ಆ ವಿಷಯವನ್ನೇ ಎತ್ತುವುದಿಲ್ಲ. ಇಂಟರ್ನಲ್ ಅಂಕ ಇರುವುದು ಇದೇ ಅಸೈನ್‌ಮೆಂಟುಗಳ ಮೇಲೆ. ಹಾಗಾಗಿ ಯಾವ ಮೇಷ್ಟ್ರು ಸಿಕ್ಕಿದರು ಅನ್ನುವುದರ ಮೇಲೆ ತಪ್ಪು ಸರಿ ನಿರ್ಧಾರವಾಗುತ್ತಿದೆ.

ನಮ್ಮ ಕಾಲೇಜಿನಲ್ಲಿ ಇದಕ್ಕೆ ಒಂದು ಕರಡು ನಿಯಮ ತಯಾರಾಗಿದೆ. ಬರೆದ ಸಮಿತಿಯಲ್ಲಿ ನಾನೂ ಇದ್ದೆ. ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ ವಿದ್ಯಾರ್ಥಿಗಳು, ಪೋಷಕರು, ಕೆಲವು ಸಹೋದ್ಯೋಗಿಗಳೂ ಒಂದೊಂದು ಅಂಶದ ಅರ್ಥ ಕೇಳುತ್ತಿದ್ದಾರೆ. ಬೇರೆ ಕಾಲೇಜುಗಳಲ್ಲೂ ಇಂಥದ್ದೇ ಕರಡುಗಳು ಬರುತ್ತಿವೆ. ಆದ್ದರಿಂದ ಅದರೊಳಗೆ ಏನಿದೆ, ಹಾಗೇ ಯಾಕಿದೆ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

## ಹಳೆಯ ನಿಯಮ ಸಾಲದೇ?

ಕೃತಿಚೌರ್ಯಕ್ಕೆ ಆಗಲೇ ನಿಯಮ ಇದೆಯಲ್ಲ ಅನ್ನುವುದು ಮೊದಲ ಪ್ರಶ್ನೆ. ಇದೆ. ಯುಜಿಸಿ 2018ರಲ್ಲಿ ತಂದ ನಿಯಮಾವಳಿ ಅದು. ಬೇರೆಯವರ ಬರಹವನ್ನೋ ವಿಚಾರವನ್ನೋ ತೆಗೆದುಕೊಂಡು ತನ್ನದು ಅಂತ ತೋರಿಸುವುದೇ ಕೃತಿಚೌರ್ಯ ಅಂತ ಅದು ಹೇಳುತ್ತದೆ. ಮೊದಲೇ ಇರುವ ಬರಹಗಳ ಜೊತೆ ಹೋಲಿಕೆ ಶೇ 10ರ ಒಳಗಿದ್ದರೆ ದಂಡನೆ ಇಲ್ಲ. ಅಲ್ಲಿಂದ ಮೇಲೆ ಶೇ 40, ಶೇ 60 ಅಂತ ಹಂತಗಳಿವೆ. ಶೇ 60 ದಾಟಿದರೆ ಸಂಶೋಧನಾ ವಿದ್ಯಾರ್ಥಿಯ ನೋಂದಣಿಯೇ ರದ್ದಾಗಬಹುದು.

ಆದರೆ ಅದೇ ನಿಯಮಾವಳಿಯಲ್ಲಿ ಜಾಸ್ತಿ ಜನ ಓದದ ಒಂದು ಸಾಲಿದೆ. ಈ ನಿಯಮ ಯಾವ ಬರಹಕ್ಕೆ ಅನ್ವಯ ಅಂತ ವಿವರಿಸುವಾಗ, ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರ ಪತ್ರಿಕೆ ಇವೆಲ್ಲವನ್ನೂ ಹೆಸರು ಹೇಳಿ ಹೊರಗಿಟ್ಟಿದ್ದಾರೆ. ಅದು ಮುಖ್ಯವಾಗಿ ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಥೀಸಿಸ್‌ಗಳಿಗೆ, ಪ್ರಕಟವಾಗುವ ಲೇಖನಗಳಿಗೆ. ಬಿಎ, ಬಿಕಾಂ ವಿದ್ಯಾರ್ಥಿಯ ಹತ್ತು ಪುಟದ ಅಸೈನ್‌ಮೆಂಟಿಗೆ ನಿಯಮ ಬೇಕು ಅಂದರೆ ಕಾಲೇಜೇ ಬರೆದುಕೊಳ್ಳಬೇಕು.

ಇನ್ನೊಂದು ತೊಡಕೂ ಇದೆ. ಹೋಲಿಕೆ ಹುಡುಕುವ ಸಾಫ್ಟ್‌ವೇರ್ ನಿಮ್ಮ ಬರಹವನ್ನು ಮೊದಲೇ ಇರುವ ಬರಹಗಳ ಜೊತೆ ಇಟ್ಟು ನೋಡುತ್ತದೆ. ಎಐ ಬರೆದುಕೊಟ್ಟ ಪ್ಯಾರಾ ಎಲ್ಲೂ ಮೊದಲೇ ಇರುವುದಿಲ್ಲ. ಅದು ಆಗಷ್ಟೇ ಹುಟ್ಟಿದ್ದು. ಆದ್ದರಿಂದ ಇಡೀ ಅಸೈನ್‌ಮೆಂಟ್ ಯಂತ್ರವೇ ಬರೆದಿದ್ದರೂ ಹೋಲಿಕೆ ಶೇ 3 ಅಂತ ಬರಬಹುದು. ಪಾಪ, ಪಠ್ಯಪುಸ್ತಕ ಎದುರಿಗಿಟ್ಟುಕೊಂಡು ಕಷ್ಟಪಟ್ಟು ಬರೆದವನಿಗೆ ಶೇ 25 ಬರಬಹುದು.

## ಈ ಸಾಧನ ನಿಜವಾಗಿ ಮಾಡುವುದೇನು?

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಜನರ ಕೈಗೆ ಬಂತು. ಆಮೇಲೆ ಜೆಮಿನಿ, ಕ್ಲಾಡ್, ಕೋಪೈಲಟ್ ಅಂತ ಹಲವು ಬಂದವು. ಕೇಳಿದ್ದಕ್ಕೆ ಹೊಸ ಬರಹ, ಚಿತ್ರ, ಪ್ರೋಗ್ರಾಂ ಹುಟ್ಟಿಸಿಕೊಡುವ ಇಂಥ ಸಾಧನಗಳನ್ನು ಕರಡಿನಲ್ಲಿ ಒಟ್ಟಾಗಿ 'ಜನರೇಟಿವ್ ಸಾಧನ' ಅಂತ ಕರೆದಿದ್ದೇವೆ. ಕಾಗುಣಿತ ತಿದ್ದುವ ಸಾಫ್ಟ್‌ವೇರ್, ಕ್ಯಾಲ್ಕುಲೇಟರ್, ಸಾಮಾನ್ಯ ಗೂಗಲ್ ಹುಡುಕಾಟ ಇದರಲ್ಲಿ ಸೇರುವುದಿಲ್ಲ.

ಇವು ಕೆಲಸ ಮಾಡುವ ರೀತಿ ಗೊತ್ತಿದ್ದರೆ ನಿಯಮದ ಅರ್ಧ ತಾನಾಗಿ ಅರ್ಥವಾಗುತ್ತದೆ. ಸಾಧನಕ್ಕೆ ಅಪಾರ ಬರಹವನ್ನು ಓದಿಸಿರುತ್ತಾರೆ. ಯಾವ ಪದದ ನಂತರ ಯಾವ ಪದ ಬರುವ ಸಂಭವ ಎಷ್ಟು ಅನ್ನುವುದನ್ನು ಅದು ಅದರಿಂದ ಕಲಿತಿರುತ್ತದೆ. ನೀವು ಪ್ರಶ್ನೆ ಹಾಕಿದಾಗ, ಹೊಂದುವಂಥ ಮುಂದಿನ ತುಣುಕನ್ನು ಆರಿಸುತ್ತದೆ. ಆಮೇಲೆ ಅದರ ಮುಂದಿನದು. ಹೀಗೇ ತುಣುಕಿಗೆ ತುಣುಕು ಸೇರಿ ಪ್ಯಾರಾ ಆಗುತ್ತದೆ. ಬರೆದದ್ದು ನಿಜವಾ ಅಂತ ಎಲ್ಲೋ ಹೋಗಿ ನೋಡಿ ಬರುವ ಹೆಜ್ಜೆ ಈ ಮೂಲ ಕೆಲಸದಲ್ಲಿ ಇಲ್ಲ. ಈಗಿನ ಕೆಲವು ಸಾಧನಗಳು ಇಂಟರ್ನೆಟ್ ಹುಡುಕಿಯೂ ಉತ್ತರ ಕೊಡುತ್ತವೆ. ಆದರೂ ಸಿಕ್ಕಿದ್ದನ್ನು ಜೋಡಿಸಿ ಬರೆಯುವಾಗ ಇದೇ ರೀತಿ ನಡೆಯುತ್ತದೆ.

ಇಲ್ಲದ ಪುಸ್ತಕಗಳ ಹೆಸರು ಬರುವುದು ಇದರಿಂದಲೇ. ಉಲ್ಲೇಖ ಕೊಡು ಅಂದರೆ, ಉಲ್ಲೇಖ ಹೇಗೆ ಕಾಣುತ್ತದೋ ಹಾಗೆ ಕಾಣುವ ಒಂದು ಸಾಲು ಬರುತ್ತದೆ. ಲೇಖಕರ ಹೆಸರು, ವರ್ಷ, ಪತ್ರಿಕೆ, ಪುಟ ಎಲ್ಲ ಇರುತ್ತದೆ. ಹುಡುಕಿದರೆ ಅಂಥ ಲೇಖನ ಇರುವುದಿಲ್ಲ. ಇದಕ್ಕೆ ಬೀಳುವುದು ವಿದ್ಯಾರ್ಥಿಗಳು ಮಾತ್ರ ಅಲ್ಲ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಒಂದು ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಹಾಕಿದರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು.

## ಅನುಮತಿ ಮೊದಲೇ, ಅಸೈನ್‌ಮೆಂಟಿನ ಮೇಲೇ

ಕರಡಿನ ಮುಖ್ಯ ಅಂಶಕ್ಕೆ ಬರೋಣ. ಕಾಲೇಜಿಗೆಲ್ಲ ಒಂದೇ ಮಾತಿನಲ್ಲಿ 'ಬಳಸಿ' ಅಥವಾ 'ಬಳಸಬೇಡಿ' ಅಂತ ಅದು ಹೇಳುವುದಿಲ್ಲ. ಮದುವೆ ಮನೆಗೆ ಅಡುಗೆ ಭಟ್ಟರನ್ನು ಕರೆಸಿದರೆ ಯಾರೂ ಏನೂ ಅನ್ನುವುದಿಲ್ಲ. ಅಡುಗೆ ಸ್ಪರ್ಧೆಗೆ ಹೆಸರು ಕೊಟ್ಟು ಅದೇ ಭಟ್ಟರ ಕೈಯಲ್ಲಿ ಸಾರು ಮಾಡಿಸಿ ತಂದರೆ ಅದು ಮೋಸ. ಭಟ್ಟರೂ ಅವರೇ, ಸಾರೂ ಅದೇ. ಅಳೆಯುತ್ತಿರುವುದು ಏನನ್ನು ಅನ್ನುವುದು ಬೇರೆ.

ಅಸೈನ್‌ಮೆಂಟಿನಲ್ಲೂ ಹಾಗೇ ಕೇಳಬೇಕು: ಇಲ್ಲಿ ಯಾವ ಕೌಶಲಕ್ಕೆ ಅಂಕ ಕೊಡುತ್ತಿದ್ದೇವೆ? ಒಂದನೇ ವರ್ಷದ ಬಿಸಿಎ ವಿದ್ಯಾರ್ಥಿಗೆ 'ಲೂಪ್ ಬಳಸಿ ಪ್ರೋಗ್ರಾಂ ಬರೆ' ಅಂದರೆ ಅಂಕ ಇರುವುದೇ ಆ ಲೂಪಿಗೆ. ಅದನ್ನು ಯಂತ್ರ ಬರೆದರೆ ಅಳೆಯಲು ಏನೂ ಉಳಿಯುವುದಿಲ್ಲ. ಅದೇ ಹುಡುಗ ಕೊನೇ ವರ್ಷದಲ್ಲಿ ಗ್ರಂಥಾಲಯಕ್ಕೆ ಒಂದು ಆ್ಯಪ್ ಮಾಡುವಾಗ, ಅಂಕ ಇರುವುದು ಇಡೀ ವಿನ್ಯಾಸಕ್ಕೆ. ಅಲ್ಲಿ ಸಣ್ಣ ಲೂಪನ್ನು ಯಂತ್ರ ಬರೆದರೆ ನಷ್ಟ ಕಡಿಮೆ.

ಆದ್ದರಿಂದ ಕರಡಿನ ಪ್ರಕಾರ ಪ್ರತಿ ಅಸೈನ್‌ಮೆಂಟಿನ ಮೇಲೂ ಮೇಷ್ಟ್ರು ಮೂರರಲ್ಲಿ ಒಂದು ಗುರುತು ಹಾಕಬೇಕು. 'ಬಳಕೆ ಇಲ್ಲ' ಅಂದರೆ ಯಾವ ಹಂತದಲ್ಲೂ ಬೇಡ. ಇಂಥದ್ದನ್ನು ಆದಷ್ಟು ತರಗತಿಯಲ್ಲೇ, ಪೆನ್ನು ಕಾಗದದಲ್ಲಿ ಮಾಡಿಸಬೇಕು. ಮನೆಗೆ ಕಳಿಸಿ 'ಬಳಸಬೇಡ' ಅಂದರೆ ಅದನ್ನು ಪಾಲಿಸಿದವನಿಗೇ ನಷ್ಟ. 'ನೆರವು ಮಾತ್ರ' ಅಂದರೆ ಅರ್ಥ ಮಾಡಿಕೊಳ್ಳಲು, ಯೋಚನೆಗೆ ದಾರಿ ಹುಡುಕಲು, ಭಾಷೆ ತಿದ್ದಲು ಬಳಸಬಹುದು. ಒಪ್ಪಿಸುವ ವಾದ, ವಿಶ್ಲೇಷಣೆ, ತೀರ್ಮಾನ ಮಾತ್ರ ವಿದ್ಯಾರ್ಥಿಯದ್ದೇ ಆಗಿರಬೇಕು. 'ಮುಕ್ತ ಬಳಕೆ' ಅಂದರೆ ಹೇಗೆ ಬೇಕಾದರೂ ಬಳಸಿ, ಆದರೆ ತಪ್ಪು ಬಂದರೆ ಜವಾಬ್ದಾರಿ ನಿಮ್ಮದು.

ಮೇಷ್ಟ್ರು ಗುರುತು ಹಾಕುವುದನ್ನೇ ಮರೆತರೆ? ಇದರ ಮೇಲೆ ಸಮಿತಿಯಲ್ಲಿ ತುಂಬಾ ಹೊತ್ತು ಮಾತಾಯಿತು. ಕೊನೆಗೆ, ಗುರುತು ಇಲ್ಲದಿದ್ದರೆ 'ನೆರವು ಮಾತ್ರ' ಅಂತ ತಿಳಿಯಬೇಕು ಅಂತ ಬರೆದೆವು. ಗುರುತಿಲ್ಲದ್ದನ್ನೆಲ್ಲ ನಿಷೇಧ ಅಂದರೆ, ಮೇಷ್ಟ್ರ ಮರೆವಿಗೆ ವಿದ್ಯಾರ್ಥಿ ಶಿಕ್ಷೆ ಅನುಭವಿಸಬೇಕಾಗುತ್ತದೆ.

ಇದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯ ಮೌಲ್ಯಮಾಪನವನ್ನು ಎರಡು ದಾರಿಗಳಾಗಿ ಒಡೆದಿದೆ. ಒಂದು, ಎದುರಿಗೆ ಕೂರಿಸಿ ನಡೆಸುವ ಭದ್ರವಾದ ಪರೀಕ್ಷೆಗಳು. ಇನ್ನೊಂದು, ಎಐ ಬಳಕೆ ಇದ್ದೇ ಇರುತ್ತದೆ ಅಂತ ಒಪ್ಪಿಕೊಂಡೇ ಕೊಡುವ ಮುಕ್ತ ಕೆಲಸಗಳು. ಅಲ್ಲಿ ನಡುವಿನ ದಾರಿಗೆ ಜಾಗ ಕೊಟ್ಟಿಲ್ಲ. ನಮ್ಮಲ್ಲಿ ನಡುವಿನದನ್ನು ಉಳಿಸಿಕೊಂಡಿದ್ದೇವೆ. ಅದರ ಬಲಹೀನತೆ ನಮಗೆ ಗೊತ್ತಿದೆ. ಮನೆಯಲ್ಲಿ ಕೂತವನು ನೆರವು ಪಡೆದನೋ ಪೂರ್ತಿ ಬರೆಸಿದನೋ ಅಂತ ನೋಡುವವರಿಲ್ಲ. ಆದರೂ ಉಳಿಸಿಕೊಂಡದ್ದು ಯಾಕೆ ಅನ್ನುವುದು ಮುಂದಿನ ಉದಾಹರಣೆಯಲ್ಲಿ ಕಾಣುತ್ತದೆ.

## ಒಂದು ಅಸೈನ್‌ಮೆಂಟ್, ಐದು ಕಡೆ ಎಐ

ಅರ್ಥಶಾಸ್ತ್ರದ ಒಂದು ಅಸೈನ್‌ಮೆಂಟ್ ಅಂದುಕೊಳ್ಳಿ. 'ನಿಮ್ಮ ಬೀದಿಯ ಐದು ಮನೆಗಳಲ್ಲಿ ಗೃಹಲಕ್ಷ್ಮಿ ಹಣ ಯಾವುದಕ್ಕೆ ಖರ್ಚಾಗುತ್ತಿದೆ ಅಂತ ಕೇಳಿ, ಇಂಗ್ಲಿಷಿನಲ್ಲಿ ಸಾವಿರ ಪದದ ವರದಿ ಬರೆಯಿರಿ.' ಗುರುತು: ನೆರವು ಮಾತ್ರ. ವಿದ್ಯಾರ್ಥಿನಿ ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳು ಐದು ಕಡೆ ಸಾಧನ ಬಳಸುತ್ತಾಳೆ.

ಮೊದಲನೆಯದು, ಪಾಠದಲ್ಲಿ ಬಂದ 'ನೇರ ನಗದು ವರ್ಗಾವಣೆ' ಅಂದರೆ ಏನು ಅಂತ ಕೇಳುತ್ತಾಳೆ. ಅರ್ಥವಾಗದಿದ್ದಾಗ ಇನ್ನೂ ಸುಲಭವಾಗಿ ಹೇಳು ಅನ್ನುತ್ತಾಳೆ. ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಸೀನಿಯರ್ ಹತ್ತಿರ ಕೇಳಿದ ಹಾಗೇ ಲೆಕ್ಕ.

ಎರಡನೆಯದು, ಮನೆಗಳಲ್ಲಿ ಕೇಳುವ ಪ್ರಶ್ನೆಗಳ ಪಟ್ಟಿ. ಸಾಧನ ಹನ್ನೆರಡು ಪ್ರಶ್ನೆ ಕೊಡುತ್ತದೆ. 'ನಿಮ್ಮ ಮಾಸಿಕ ಆದಾಯ ಎಷ್ಟು?' ಅನ್ನುವುದೇ ಮೊದಲ ಪ್ರಶ್ನೆ. ಬೀದಿಯಲ್ಲಿ ಹೋಗಿ ಮೊದಲೇ ಆದಾಯ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ ಅಂತ ಅವಳಿಗೆ ಗೊತ್ತು. ಅದನ್ನು ತೆಗೆಯುತ್ತಾಳೆ, ಐದು ಪ್ರಶ್ನೆ ಉಳಿಸಿಕೊಳ್ಳುತ್ತಾಳೆ, 'ಹಣ ಬರುವುದು ತಡವಾದ ತಿಂಗಳು ಏನು ಮಾಡಿದಿರಿ?' ಅಂತ ತನ್ನದೊಂದು ಸೇರಿಸುತ್ತಾಳೆ. ಇದೂ ಸರಿ. ಆದರೆ ಕೊನೆಯಲ್ಲಿ ಹೇಳಿಕೊಳ್ಳಬೇಕು.

ಮೂರನೆಯದರಲ್ಲಿ ಎಡವುವವರು ಜಾಸ್ತಿ. ಐದು ಮನೆಯ ಮಾತುಗಳನ್ನು ಹೆಸರು, ಸಾಲದ ವಿವರ, ರೇಷನ್ ಕಾರ್ಡಿನ ನಂಬರ್ ಸಮೇತ ಸಾಧನಕ್ಕೆ ಹಾಕಿ 'ಸಾರಾಂಶ ಮಾಡು' ಅನ್ನುತ್ತಾಳೆ. ಇಲ್ಲಿ ಎರಡು ತಪ್ಪಿದೆ. ಪಕ್ಕದ ಮನೆಯವರು ಅವಳನ್ನು ನಂಬಿ ಹೇಳಿದ್ದು ಈಗ ಯಾವುದೋ ಕಂಪನಿಯ ಸರ್ವರ್‌ಗೆ ಹೋಯಿತು. ಎಷ್ಟೋ ಉಚಿತ ಖಾತೆಗಳಲ್ಲಿ, ನೀವೇ ಸೆಟ್ಟಿಂಗ್ ಬದಲಿಸದಿದ್ದರೆ, ಹಾಕಿದ್ದನ್ನು ಮುಂದಿನ ತರಬೇತಿಗೆ ಬಳಸಿಕೊಳ್ಳುತ್ತಾರೆ. ಬೇರೆಯವರ ಹೆಸರು, ಫೋನ್ ನಂಬರ್, ಆರೋಗ್ಯ, ಹಣದ ವಿವರ ಸಾಧನಕ್ಕೆ ಹಾಕಬಾರದು ಅಂತ ಕರಡು ಹೇಳುತ್ತದೆ. ಗುರುತು ಯಾವುದೇ ಇರಲಿ, 'ಮುಕ್ತ ಬಳಕೆ' ಇದ್ದರೂ ಇದು ಅನ್ವಯ.

ಎರಡನೇ ತಪ್ಪು ಕಲಿಕೆಗೆ ಸಂಬಂಧಿಸಿದ್ದು. ಐದು ಮನೆಗಳಲ್ಲಿ ಎರಡು ಮನೆಯವರು ತಿಂಗಳ 2,000 ರೂಪಾಯಿ ಸಂಘದ ಸಾಲದ ಕಂತಿಗೇ ಹೋಗುತ್ತದೆ ಅಂದಿದ್ದರು. ಒಬ್ಬರು ಮಗಳ ಫೀಸಿಗೆ ಎತ್ತಿಟ್ಟೆ, ಆದರೆ ಆಸ್ಪತ್ರೆಗೆ ಖರ್ಚಾಯಿತು ಅಂದಿದ್ದರು. ಸಾರಾಂಶದಲ್ಲಿ ಇದು 'ಮಹಿಳೆಯರು ಹಣವನ್ನು ಮಕ್ಕಳ ಶಿಕ್ಷಣ ಮತ್ತು ಕುಟುಂಬದ ಏಳಿಗೆಗೆ ಬಳಸುತ್ತಿದ್ದಾರೆ' ಅಂತಾಗಿ ಬರಬಹುದು. ಇಂಥ ವಿಷಯದ ಮೇಲೆ ಎಲ್ಲೆಲ್ಲೂ ಕಾಣುವ ವಾಕ್ಯ ಅದೇ ತಾನೇ? ಸಾಧನ ಆ ಕಡೆಗೇ ಜಾರುತ್ತದೆ. ಸಾಲದ ಕಂತು ಸಣ್ಣ ಮಾತಾಗಿ ಎಲ್ಲೋ ಮೂಲೆಗೆ ಸೇರುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರಿಗೆ ಬೇಕಿದ್ದದ್ದೇ ಆ ಕಂತಿನ ವಿಷಯ. ಐದು ಉತ್ತರ ಎದುರಿಗಿಟ್ಟುಕೊಂಡು ಏನು ಕಾಣುತ್ತದೆ ಅಂತ ನೋಡುವುದಕ್ಕೇ ಅಂಕ ಇರುವುದು. ಹಾಗಾಗಿ ಇದು 'ನೆರವು' ಆಗುವುದಿಲ್ಲ.

ನಾಲ್ಕನೆಯದು ಇಂಗ್ಲಿಷ್. ವರದಿಯನ್ನು ಅವಳು ಕನ್ನಡದಲ್ಲಿ ತಾನೇ ಬರೆದು, ಇಂಗ್ಲಿಷಿಗೆ ತರಲು ಸಾಧನ ಬಳಸುತ್ತಾಳೆ. ಕರಡು ಇದನ್ನು ಒಪ್ಪುತ್ತದೆ. ಆದರೆ ಕನ್ನಡ ಮೂಲವನ್ನೂ ಜೊತೆಗೆ ಕೊಡಬೇಕು. ಕೆಲವರು ಇದಕ್ಕೆ ಆಕ್ಷೇಪ ಎತ್ತಿದರು, ಹಾಗಾದರೆ ಇಂಗ್ಲಿಷ್ ಕಲಿಯುವುದು ಯಾವಾಗ ಅಂತ. ನ್ಯಾಯವಾದ ಪ್ರಶ್ನೆ. ಆದರೆ ಇದು ಇಂಗ್ಲಿಷ್ ಪತ್ರಿಕೆಯ ಅಸೈನ್‌ಮೆಂಟ್ ಅಲ್ಲ, ಅರ್ಥಶಾಸ್ತ್ರದ್ದು. ಇಂಗ್ಲಿಷ್ ವಿಭಾಗದವರು ತಮ್ಮ ಅಸೈನ್‌ಮೆಂಟಿಗೆ 'ಬಳಕೆ ಇಲ್ಲ' ಅಂತ ಹಾಕಿಕೊಳ್ಳಬಹುದು. ನಡುವಿನ ಗುರುತನ್ನು ಉಳಿಸಿಕೊಂಡದ್ದು ಮುಖ್ಯವಾಗಿ ಇಂಥ ವಿದ್ಯಾರ್ಥಿಗಳಿಗಾಗಿ. ಮನೆಯಲ್ಲಿ ಇಂಗ್ಲಿಷ್ ಬಲ್ಲ ಅಕ್ಕನೋ ಅಪ್ಪನೋ ಇರುವವರಿಗೆ ಈ ನೆರವು ಯಾವತ್ತೂ ಸಿಗುತ್ತಿತ್ತು. ಅದನ್ನು ಯಾರೂ ಮೋಸ ಅನ್ನಲಿಲ್ಲ.

ಐದನೆಯದು ಉಲ್ಲೇಖಗಳು. ಸಾಧನ ನಾಲ್ಕು ಲೇಖನಗಳ ಹೆಸರು ಕೊಡುತ್ತದೆ. ಅವಳು ತೆರೆದು ನೋಡದೆ ಹಾಗೇ ಹಾಕುತ್ತಾಳೆ. ಇದು ಯಾವ ಗುರುತಿನಲ್ಲೂ ಒಪ್ಪಿಗೆ ಇಲ್ಲ. ಹಾಕಿದ ಪ್ರತಿ ಉಲ್ಲೇಖವನ್ನೂ ವಿದ್ಯಾರ್ಥಿ ಕಣ್ಣಾರೆ ನೋಡಿರಬೇಕು. ಕೇಳಿದರೆ ಪುಟ ತೆಗೆದು ತೋರಿಸಬೇಕು. ಪರೀಕ್ಷಿಸುವುದೂ ಸುಲಭ. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಸಿಗದಿದ್ದರೆ ಅನುಮಾನ ಪಡಿ. ಸಿಕ್ಕರೂ ಲೇಖಕರ ಹೆಸರು, ವರ್ಷ ತಾಳೆ ನೋಡಿ. ನಿಜವಾದ ಶೀರ್ಷಿಕೆಗೆ ಬೇರೆ ಲೇಖಕರ ಹೆಸರು ಅಂಟಿಕೊಂಡು ಬರುವುದೂ ಉಂಟು.

## ಘೋಷಣೆ ಬರೆಯುವುದು ಹೇಗೆ?

ಸಾಧನ ಬಳಸಿದ್ದರೆ ಅಸೈನ್‌ಮೆಂಟಿನ ಕೊನೆಯಲ್ಲಿ ನಾಲ್ಕೈದು ಸಾಲಿನ ಘೋಷಣೆ ಬರೆಯಬೇಕು. 'ಎಐ ನೆರವು ಪಡೆದಿದ್ದೇನೆ' ಅಂತ ಸುಮ್ನೆ ಒಂದು ಸಾಲು ಬರೆದರೆ ಏನೂ ತಿಳಿಯುವುದಿಲ್ಲ. ಯಾವ ಸಾಧನ, ಯಾವ ಭಾಗಕ್ಕೆ, ಅದು ಕೊಟ್ಟದ್ದನ್ನು ಏನು ಮಾಡಿದಿರಿ, ಇವಿಷ್ಟು ಇರಬೇಕು. ಮೇಲಿನ ವಿದ್ಯಾರ್ಥಿನಿ ನಿಯಮದ ಪ್ರಕಾರ ನಡೆದುಕೊಂಡಿದ್ದರೆ ಅವಳ ಘೋಷಣೆ ಹೀಗಿರುತ್ತಿತ್ತು:

"ಪ್ರಶ್ನೆಪಟ್ಟಿಗೆ ಚಾಟ್‌ಜಿಪಿಟಿ ಬಳಸಿದೆ. ಅದು ಕೊಟ್ಟ 12 ಪ್ರಶ್ನೆಗಳಲ್ಲಿ 5 ಇಟ್ಟುಕೊಂಡು ಒಂದನ್ನು ನಾನೇ ಸೇರಿಸಿದೆ. ವರದಿಯನ್ನು ಕನ್ನಡದಲ್ಲಿ ನಾನೇ ಬರೆದು, ಇಂಗ್ಲಿಷಿಗೆ ತರಲು ಅದನ್ನೇ ಬಳಸಿದೆ. ಕನ್ನಡ ಪ್ರತಿ ಜೊತೆಗಿದೆ. ಇಂಗ್ಲಿಷ್ ಪ್ರತಿಯನ್ನು ಮೂಲದ ಜೊತೆ ಸಾಲು ಸಾಲಾಗಿ ಓದಿ ಮೂರು ಕಡೆ ತಿದ್ದಿದ್ದೇನೆ. ಉತ್ತರ ಕೊಟ್ಟವರ ಹೆಸರನ್ನು ಎಲ್ಲೂ ಹಾಕಿಲ್ಲ."

ಘೋಷಿಸಿದ್ದಕ್ಕೆ ಅಂಕ ಕಳೆಯುವಂತಿಲ್ಲ ಅಂತ ಕರಡಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಈ ಸಾಲು ಇಲ್ಲದಿದ್ದರೆ ಇಡೀ ವ್ಯವಸ್ಥೆ ಬಿದ್ದುಹೋಗುತ್ತದೆ. ಹೇಳಿದವನಿಗೆ ಒಂದು ಅಂಕ ಕಡಿಮೆ, ಮುಚ್ಚಿಟ್ಟವನಿಗೆ ಪೂರ್ತಿ ಅಂಕ ಅಂತಾದರೆ ಮುಂದಿನ ಸೆಮಿಸ್ಟರಿನಲ್ಲಿ ಯಾರು ಹೇಳುತ್ತಾರೆ?

## 'ಶೇ 80 ಎಐ' ಅಂತ ಬಂದರೆ?

ಪೋಷಕರು ಹೆಚ್ಚು ಹೆದರಿರುವುದು ಇದಕ್ಕೆ. ಬರಹ ಎಐನದ್ದಾ ಅಂತ ಪತ್ತೆಹಚ್ಚುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳಿವೆ. ಅವನ್ನು ಡಿಟೆಕ್ಟರ್ ಅನ್ನುತ್ತಾರೆ. ನಮ್ಮ ಕರಡಿನಲ್ಲಿ ಡಿಟೆಕ್ಟರ್ ಕೊಟ್ಟ ಅಂಕಿಯನ್ನು ಸಾಕ್ಷಿಯಾಗಿ ಬಳಸುವಂತಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಡಿಟೆಕ್ಟರ್‌ಗೆ ಯಾರು ಬರೆದರು ಅಂತ ಕಾಣುವುದಿಲ್ಲ. ಈ ವಾಕ್ಯದಲ್ಲಿ ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವಂಥ ಗುಣಗಳನ್ನು ಅದು ಅಳೆಯುತ್ತದೆ. ಊಹೆ ಸುಲಭವಾದಷ್ಟೂ ಯಂತ್ರದ ಬರಹ ಅನ್ನುವ ಕಡೆ ವಾಲುತ್ತದೆ. ಈಗ ಗೈಡು ಓದಿ ಇಂಗ್ಲಿಷ್ ಕಲಿತ ನಮ್ಮ ಹುಡುಗರನ್ನು ನೆನೆಸಿಕೊಳ್ಳಿ. ಗೊತ್ತಿರುವ ಕೆಲವೇ ಪದ, ಬಾಯಿಪಾಠವಾದ ವಾಕ್ಯದ ಅಚ್ಚು, ತಪ್ಪಾಗಬಾರದು ಅನ್ನುವ ಎಚ್ಚರ. ಅವರ ಬರಹ ಊಹಿಸಲು ಸುಲಭವೇ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇದನ್ನೇ ಪರೀಕ್ಷಿಸಿದರು. ಇಂಗ್ಲಿಷ್ ತಾಯಿನುಡಿ ಅಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದದ್ದು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಡಿಟೆಕ್ಟರ್‌ಗಳು ಎಐ ಬರಹ ಅಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಅವು ಹೆಚ್ಚು ತಪ್ಪಲಿಲ್ಲ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು. ಕಂಪನಿಯ ಲೆಕ್ಕದಲ್ಲೇ ಅದು ನೂರು ಎಐ ಬರಹಗಳಲ್ಲಿ 26ನ್ನು ಹಿಡಿಯುತ್ತಿತ್ತು. ಮನುಷ್ಯರ ನೂರು ಬರಹಗಳಲ್ಲಿ 9ನ್ನು ತಪ್ಪಾಗಿ ಎಐ ಅನ್ನುತ್ತಿತ್ತು. ನಿಖರತೆ ಸಾಲದು ಅಂತ ಅದೇ ವರ್ಷದ ಜುಲೈನಲ್ಲಿ ವಾಪಸ್ ತೆಗೆದುಕೊಂಡರು.

ಈಗಿನವು ಅದಕ್ಕಿಂತ ಚೆನ್ನಾಗಿವೆ ಅಂತಲೇ ಇಟ್ಟುಕೊಳ್ಳೋಣ. ಒಂದು ಲೆಕ್ಕ ಮಾಡಿ. ಇದು ಕಲ್ಪಿಸಿಕೊಂಡ ಲೆಕ್ಕ. ಸಾವಿರ ಅಸೈನ್‌ಮೆಂಟುಗಳಲ್ಲಿ ನೂರು ಎಐ ಬರೆದದ್ದು, ಒಂಬೈನೂರು ವಿದ್ಯಾರ್ಥಿಗಳೇ ಬರೆದದ್ದು. ಡಿಟೆಕ್ಟರ್ ಎಐ ಬರಹಗಳಲ್ಲಿ ಶೇ 80ನ್ನು ಹಿಡಿಯುತ್ತದೆ, ಸ್ವಂತ ಬರಹಗಳಲ್ಲಿ ಶೇ 5ರಲ್ಲಿ ಮಾತ್ರ ತಪ್ಪುತ್ತದೆ. ಹಾಗಾದರೆ ನೂರರಲ್ಲಿ 80 ಸಿಕ್ಕಿಬೀಳುತ್ತವೆ. ಒಂಬೈನೂರರ ಶೇ 5 ಅಂದರೆ 45 ಅಮಾಯಕರೂ ಸಿಕ್ಕಿಬೀಳುತ್ತಾರೆ. ಒಟ್ಟು 125 ಜನರ ಮೇಲೆ ಬೆರಳು. ಅವರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಮಂದಿ ಏನೂ ತಪ್ಪು ಮಾಡಿಲ್ಲ. ತಪ್ಪುವುದು ಶೇ 5 ಮಾತ್ರ ಅಂತ ಕೇಳಿದಾಗ ಇದು ಹೊಳೆಯುವುದಿಲ್ಲ. ಸ್ವಂತ ಬರೆದವರ ಸಂಖ್ಯೆ ದೊಡ್ಡದಿದ್ದಷ್ಟೂ ಸಣ್ಣ ಶೇಕಡಾವಾರಿನಿಂದಲೂ ತುಂಬಾ ಜನ ಸಿಕ್ಕಿಕೊಳ್ಳುತ್ತಾರೆ.

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ಟರ್ನಿಟಿನ್ ಅನ್ನುವ ಹೋಲಿಕೆ ಹುಡುಕುವ ಸಾಫ್ಟ್‌ವೇರ್‌ನ ಎಐ ಪತ್ತೆ ಸೌಲಭ್ಯವನ್ನು ನಿಲ್ಲಿಸಿದಾಗ ಇಂಥದ್ದೇ ಲೆಕ್ಕ ಮುಂದಿಟ್ಟಿತ್ತು. 2022ರಲ್ಲಿ ಅಲ್ಲಿ ಪರಿಶೀಲನೆಗೆ ಹೋದ ಬರಹಗಳು 75,000. ಶೇ 1 ತಪ್ಪಿದರೂ ಸುಮಾರು 750 ಬರಹಗಳಿಗೆ ಸುಳ್ಳು ಹಣೆಪಟ್ಟಿ.

ಹೋಲಿಕೆ ವರದಿಗೂ ಡಿಟೆಕ್ಟರ್ ವರದಿಗೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಹೋಲಿಕೆ ವರದಿ 'ಈ ಪ್ಯಾರಾ ಆ ವೆಬ್‌ಸೈಟಿನಲ್ಲಿದೆ' ಅಂತ ಮೂಲ ತೋರಿಸುತ್ತದೆ. ವಿದ್ಯಾರ್ಥಿಯೂ ನೋಡಬಹುದು, ವಾದ ಮಾಡಬಹುದು. ಡಿಟೆಕ್ಟರ್ ಬರೀ ಒಂದು ಅಂಕಿ ಕೊಡುತ್ತದೆ. ಅದಕ್ಕೆ ಎದುರುತ್ತರ ಕೊಡುವುದು ಹೇಗೆ? ಕನ್ನಡ ಬರಹದ ವಿಷಯದಲ್ಲಂತೂ, ಹೆಸರುವಾಸಿ ಡಿಟೆಕ್ಟರ್‌ಗಳು ಮುಖ್ಯವಾಗಿ ಇಂಗ್ಲಿಷಿಗಾಗಿ ತಯಾರಾದವು ಅನ್ನುವುದನ್ನು ಮರೆಯಬಾರದು.

## ಹಾಗಾದರೆ ಅನುಮಾನ ಬಂದಾಗ?

ಮೇಷ್ಟ್ರಿಗೆ ಅನುಮಾನ ಬರುವುದು ಸಹಜ. ತರಗತಿಯಲ್ಲಿ ಎರಡು ವಾಕ್ಯ ಬರೆಯಲು ತಡವರಿಸುವ ಹುಡುಗ ನುಣುಪಾದ ಎಂಟು ಪುಟ ತಂದರೆ ಯಾರಿಗಾದರೂ ಅನಿಸುತ್ತದೆ. ಅನುಮಾನದಿಂದ ತೀರ್ಮಾನಕ್ಕೆ ನೇರವಾಗಿ ಹಾರುವಂತಿಲ್ಲ, ಅಷ್ಟೇ.

ಮೊದಲ ಹೆಜ್ಜೆ ಮಾತು. ವಿದ್ಯಾರ್ಥಿಯನ್ನು ಕರೆದು ಹತ್ತು ನಿಮಿಷ ಅವನ ಅಸೈನ್‌ಮೆಂಟಿನ ಬಗ್ಗೆಯೇ ಕೇಳುವುದು. ಬಾಯಿಪಾಠದ ವ್ಯಾಖ್ಯೆ ಕೇಳಬಾರದು. 'ಮೂರನೇ ಮನೆಯವರ ಉತ್ತರ ಉಳಿದವರಿಗಿಂತ ಯಾಕೆ ಬೇರೆ ಇತ್ತು? ಈ ಪದ ಯಾಕೆ ಆರಿಸಿಕೊಂಡೆ? ಇದನ್ನು ಬರೆಯುವಾಗ ಯಾವುದನ್ನು ಬಿಟ್ಟೆ?' ತಾನೇ ಬರೆದವನು ತಡವರಿಸಿದರೂ ಏನೋ ಒಂದು ಹೇಳುತ್ತಾನೆ, ಅದರಲ್ಲಿ ಅಸೈನ್‌ಮೆಂಟಿನಲ್ಲಿ ಇಲ್ಲದ ವಿವರಗಳೂ ಬರುತ್ತವೆ. ಮಾತಾಡಲು ನಾಚುವವರಿಗೆ ಬರೆದು ಉತ್ತರಿಸುವ ಅವಕಾಶ ಇದೆ, ಕನ್ನಡದಲ್ಲೇ ಹೇಳುವ ಅವಕಾಶವೂ ಇದೆ.

ಎರಡನೆಯದು ಕೆಲಸದ ಜಾಡು. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ 'ವರ್ಷನ್ ಹಿಸ್ಟರಿ' ಅನ್ನುವ ಕಡೆ ಬರಹ ಹೇಗೆ ಬೆಳೆಯಿತು ಅಂತ ದಿನಾಂಕ, ಸಮಯದ ಸಮೇತ ಕಾಣುತ್ತದೆ. ಮೂರು ದಿನದಲ್ಲಿ ಬೆಳೆದ ಬರಹಕ್ಕೂ ಒಂದೇ ಏಟಿಗೆ ಬಂದು ಕೂತ ಎಂಟು ಪುಟಕ್ಕೂ ವ್ಯತ್ಯಾಸ ತಿಳಿಯುತ್ತದೆ. ಇದೂ ಪೂರ್ತಿ ಸಾಕ್ಷಿ ಅಲ್ಲ. ವರ್ಡ್‌ನಲ್ಲಿ ಬರೆದು ಕೊನೆಗೆ ಅಂಟಿಸಿರಬಹುದು. ಕೈಬರಹದ ನೋಟು, ಮನೆಗಳಲ್ಲಿ ಬರೆದುಕೊಂಡ ಚೀಟಿ, ಫೋನಿನಲ್ಲಿ ತೆಗೆದ ಪುಟದ ಫೋಟೊ ಯಾವುದೂ ನಡೆಯುತ್ತದೆ. ಫಲಿತಾಂಶ ಬರುವ ತನಕ ಇವನ್ನು ಎಸೆಯಬೇಡಿ ಅಂತ ವಿದ್ಯಾರ್ಥಿಗಳಿಗೆ ನನ್ನ ಸಲಹೆ.

ಇಷ್ಟಾದ ಮೇಲೂ ಸರಿಹೋಗದಿದ್ದರೆ ವಿಷಯ ಮೂವರ ಸಮಿತಿಗೆ ಹೋಗುತ್ತದೆ. ಅಂಕ ಕೊಡುವ ಮೇಷ್ಟ್ರು ಅದರಲ್ಲಿ ಇರುವುದಿಲ್ಲ. ಮೊದಲ ಸಲ ತಪ್ಪಾಗಿದ್ದರೆ ಬೇರೆ ವಿಷಯ ಕೊಟ್ಟು ಮತ್ತೆ ಬರೆಸುತ್ತಾರೆ. ಎರಡನೇ ಸಲವಾದರೆ ಆ ಅಸೈನ್‌ಮೆಂಟಿಗೆ ಸೊನ್ನೆ. ಮೇಲ್ಮನವಿ ಪ್ರಾಂಶುಪಾಲರಿಗೆ. ಇದನ್ನೆಲ್ಲ ಬರೆದಿಡುವುದು ಸುಮ್ನೆ ಕಾಗದ ತುಂಬಿಸಲು ಅಲ್ಲ. 2024ರಲ್ಲಿ ಹರಿಯಾಣದ ಒಂದು ಖಾಸಗಿ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿ, ಎಐ ಬಳಸಿದ್ದಾನೆ ಅಂತ ಫೇಲ್ ಮಾಡಿದ್ದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ. ಎಐ ಬಳಕೆ ನಿಷೇಧ ಅಂತ ಸ್ಪಷ್ಟವಾಗಿ ಎಲ್ಲೂ ಹೇಳಿರಲಿಲ್ಲ ಅನ್ನುವುದು ಅವನ ವಾದಗಳಲ್ಲಿ ಒಂದು.

ಕರಡು ಮೇಷ್ಟ್ರುಗಳಿಗೂ ಅನ್ವಯ. ವಿದ್ಯಾರ್ಥಿಯ ಬರಹವನ್ನು ಸಾಧನಕ್ಕೆ ಹಾಕಿ ಅಂಕ ಕೊಡಿಸುವಂತಿಲ್ಲ. ಪ್ರಶ್ನೆಪತ್ರಿಕೆ, ನೋಟ್ಸ್ ತಯಾರಿಸಲು ಬಳಸಿದರೆ ಅವರೂ ಘೋಷಿಸಬೇಕು. ಸಮಿತಿಯಲ್ಲಿ ಈ ಅಂಶಕ್ಕೆ ಎದ್ದಷ್ಟು ಗಲಾಟೆ ಬೇರೆ ಯಾವುದಕ್ಕೂ ಏಳಲಿಲ್ಲ!

## ಇನ್ನೂ ಬಗೆಹರಿಯದ್ದು

ಕರಡು ಅಂದಮೇಲೆ ತೂತುಗಳಿವೆ. ಗುಂಪಿನ ಪ್ರಾಜೆಕ್ಟಿನಲ್ಲಿ ನಾಲ್ವರಲ್ಲಿ ಒಬ್ಬ ಮಾತ್ರ ಮುಚ್ಚಿಟ್ಟು ಬಳಸಿದರೆ ಉಳಿದ ಮೂವರ ಅಂಕ ಏನಾಗಬೇಕು? ಪ್ರತಿಯೊಬ್ಬರೂ ತಮ್ಮ ಭಾಗಕ್ಕೆ ಬೇರೆ ಬೇರೆ ಘೋಷಣೆ ಕೊಡಲಿ ಅಂತ ಸದ್ಯಕ್ಕೆ ಬರೆದಿದ್ದೇವೆ. ಭಾಗಗಳು ಒಂದರೊಳಗೊಂದು ಬೆರೆತಾಗ ಇದು ಕೆಲಸ ಮಾಡುತ್ತದಾ ಅನ್ನುವುದು ಅನುಮಾನ. ಹಣ ಕೊಟ್ಟು ಒಳ್ಳೆಯ ಸಾಧನ ಕೊಂಡವನಿಗೂ ಉಚಿತದ್ದು ಬಳಸುವವನಿಗೂ ಇರುವ ಅಂತರಕ್ಕೆ, 'ಮುಕ್ತ ಬಳಕೆ'ಯ ಕೆಲಸಗಳನ್ನು ಉಚಿತ ಸಾಧನದಲ್ಲಿ ಮಾಡಲು ಆಗುವಂತೆಯೇ ರೂಪಿಸಬೇಕು ಅನ್ನುವ ಸಾಲು ಸೇರಿಸಿದ್ದೇವೆ.

ಎಲ್ಲಕ್ಕಿಂತ ದೊಡ್ಡ ತೊಡಕು ಸಮಯ. ಅನುಮಾನ ಇದ್ದವರನ್ನು ಮಾತ್ರ ಕರೆದರೆ ಕರೆಸಿಕೊಂಡದ್ದೇ ಕಳಂಕವಾಗುತ್ತದೆ. ಅದಕ್ಕೇ ಸೆಮಿಸ್ಟರಿಗೆ ಒಂದು ಅಸೈನ್‌ಮೆಂಟಿನ ಬಗ್ಗೆಯಾದರೂ ಎಲ್ಲರ ಜೊತೆ ಐದು ನಿಮಿಷ ಮಾತಾಡಬೇಕು ಅನ್ನುವ ಸಲಹೆ ಬಂದಿದೆ. ಅರವತ್ತು ಜನರ ತರಗತಿಗೆ ಅದು ಐದು ಗಂಟೆ. ನಾಲ್ಕು ತರಗತಿ ಇರುವ ಮೇಷ್ಟ್ರಿಗೆ ಇಪ್ಪತ್ತು ಗಂಟೆ. ಅತಿಥಿ ಉಪನ್ಯಾಸಕರಿಗೆ ಈ ಗಂಟೆಗಳನ್ನು ಕಾರ್ಯಭಾರದಲ್ಲಿ ಸೇರಿಸುತ್ತಾರಾ? ಇದಕ್ಕೆ ಉತ್ತರ ಸಿಗುವ ತನಕ ಆ ಸಲಹೆಯನ್ನು ಕರಡಿನಲ್ಲಿ ಕಂಸದೊಳಗೆ ಇಟ್ಟಿದ್ದೇವೆ. ಆಕ್ಷೇಪ ಬರೆಯುವವರು ಬೇರೆಲ್ಲ ಬಿಟ್ಟು ಈ ಒಂದು ಅಂಶದ ಮೇಲೆ ಬರೆದರೂ ಸಮಿತಿಗೆ ಉಪಯೋಗ.